ಹಸಿರು ಯಾವುದಮ್ಮ?

ಭಾನುವಾರದ ಅಪಾರ್ಟ್‌ಮೆಂಟ್ ಮೀಟಿಂಗ್ ಮುಗಿದು ಮೂರು ದಿನವಾಯಿತು. ಮೂರನೇ ಮಹಡಿಯ ಅಂಕಲ್ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ: "ಇದ್ರಲ್ಲಿ ಹಸಿರು ಯಾವುದಮ್ಮ?"

ಆರು ತಿಂಗಳ ನೀರಿನ ಲೆಕ್ಕದ ಗ್ರಾಫ್ ಅದು. ಟ್ಯಾಂಕರಿಗೆ ಕೆಂಪು ಗೆರೆ, ಬೋರ್‌ವೆಲ್‌ಗೆ ಹಸಿರು. ಲ್ಯಾಪ್‌ಟಾಪಿನಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ಕಲರ್ ಪ್ರಿಂಟಿಗೆ ಸೆಕ್ರೆಟರಿ ದುಡ್ಡು ಬಿಚ್ಚಲಿಲ್ಲ (ಗೇಟಿಗೆ ಸೀರಿಯಲ್ ಲೈಟ್ ಹಾಕಿಸಲು ಮಾತ್ರ ಯಾವಾಗಲೂ ಇರುತ್ತೆ). ಕಪ್ಪು-ಬಿಳುಪಿನಲ್ಲಿ ನಲವತ್ತು ಪ್ರತಿ ತೆಗೆಸಿದೆ. ಎರಡು ಗೆರೆಯೂ ಒಂದೇ ಬೂದಿ ಬಣ್ಣ!

ಮನೆಗೆ ಬಂದು ಲೆಕ್ಕ ಹಾಕಿದೆ. ಬಣ್ಣವನ್ನು ಬೂದಿಗೆ ಇಳಿಸುವಾಗ ಸಾಮಾನ್ಯವಾಗಿ ಬಳಸುವ ಸೂತ್ರ ಇದು:

```
0.299 R + 0.587 G + 0.114 B
```

R, G, B ಅಂದರೆ ಬಣ್ಣದಲ್ಲಿರುವ ಕೆಂಪು, ಹಸಿರು, ನೀಲಿಯ ಪ್ರಮಾಣ. ಉತ್ತರ 0 ಬಂದರೆ ಕಡುಕಪ್ಪು, 255 ಬಂದರೆ ಬಿಳಿ. ನನ್ನ ಕೆಂಪು (255, 0, 0) ಇಳಿದು 76 ಆಗುತ್ತದೆ. ಹಸಿರು (0, 128, 0) ಇಳಿದರೆ 75. ಅಂಕಲ್ ಕಣ್ಣಲ್ಲಿ ದೋಷ ಹುಡುಕಿದ ನನಗೆ ನಾಚಿಕೆಯಾಯಿತು. ಕಾಗದದ ಮೇಲೆ ಬಣ್ಣ ಉಳಿಯುವುದಿಲ್ಲ, ಅದರ ಕಡು-ತಿಳಿ ಮಾತ್ರ ಉಳಿಯುತ್ತದೆ.

ಕೆಂಪಿಗೆ ಬದಲು ಕಡು ಮರೂನ್ (128, 0, 0) ಹಾಕಿದೆ, ಅದು 38. ಹಸಿರಿಗೆ ಬದಲು ಕಿತ್ತಳೆ (255, 165, 0), 173. ಅಂತರ ಸಾಕಷ್ಟಿದೆ ಅಂದುಕೊಂಡು ಒಂದು ಪ್ರತಿ ತೆಗೆಸಿದರೆ ಕಿತ್ತಳೆ ಗೆರೆ ಹರಿದ ದಾರದ ಹಾಗೆ ಬಂತು. ಕಪ್ಪು-ಬಿಳುಪು ಲೇಸರ್ ಪ್ರಿಂಟರಿನಲ್ಲಿ ಇರುವುದು ಕಪ್ಪು ಟೋನರ್ ಒಂದೇ. ಬೂದಿ ಬೇಕಾದರೆ ಅದು ಚುಕ್ಕಿ ಇಡುತ್ತದೆ, ತಿಳಿಯಾದಷ್ಟೂ ಚುಕ್ಕಿಗಳು ವಿರಳ. ದಪ್ಪ ಕಂಬವಾಗಿದ್ದರೆ ನಡೆಯುತ್ತಿತ್ತು, ಸಣ್ಣ ಗೆರೆ ತಡೆಯಲ್ಲ. ಕೋಷ್ಟಕದ ತಲೆಬರಹದ ಹಿಂದೆ ಚಂದಕ್ಕೆಂದು ತುಂಬಿದ್ದ ನೀಲಿಯೂ ಇದೇ ಚುಕ್ಕಿಗಳಾಗಿ, ಅಕ್ಷರದ ಅಂಚು ಕೆಸರಾಗಿತ್ತು.

ಕೊನೆಗೆ ಎರಡೂ ಗೆರೆಗೆ ಕಪ್ಪೇ ಹಾಕಿದೆ. ಟ್ಯಾಂಕರಿನದು ದಪ್ಪ, ಬೋರ್‌ವೆಲ್ಲಿನದು ತುಂಡು ತುಂಡು. ಮೂಲೆಯ ಬಣ್ಣಸೂಚಿ ತೆಗೆದು ಗೆರೆಯ ಪಕ್ಕದಲ್ಲೇ ಹೆಸರು ಬರೆದೆ. ತಲೆಬರಹದ ಹಿನ್ನೆಲೆ ಬಿಳಿ, ಅಕ್ಷರ ದಪ್ಪ ಕಪ್ಪು. ಈ ಸಲ ಅಂಗಡಿಗೆ ಓಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಫಿಲ್ಟರ್ ಹಾಕಿ ನೋಡಿದೆ. ಚುಕ್ಕಿಗಳ ಆಟ ಅದರಲ್ಲಿ ಕಾಣದು, ಆದರೆ ಎರಡು ಬಣ್ಣ ಒಂದಾಗುವುದು ಕಂಡೇ ಕಾಣುತ್ತದೆ. ಮೊದಲೇ ನೋಡಿದ್ದರೆ ನಲವತ್ತು ಹಾಳೆ ಉಳಿಯುತ್ತಿತ್ತು.

ಹೊಸ ಪ್ರತಿ ಹಿಡಿದು ಅಂಕಲ್ ಮನೆಗೆ ಹೋದೆ. ಜೊತೆಗೆ ಲ್ಯಾಪ್‌ಟಾಪ್ ಬೇರೆ, ನನ್ನ ಹಳೆಯ ಗ್ರಾಫ್ ಬಣ್ಣದಲ್ಲಿ ಎಷ್ಟು ಚೆನ್ನಾಗಿತ್ತೆಂದು ತೋರಿಸುವ ಚಪಲ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡಿ ನಕ್ಕರು.

"ನಂಗೆ ಕೆಂಪು-ಹಸಿರು ಚಿಕ್ಕಂದಿನಿಂದ ಗೊತ್ತಾಗಲ್ಲಮ್ಮ. ಇದ್ರಲ್ಲೂ ಹಸಿರು ಯಾವುದು?"