ಎರಡು ಗ್ಲಾಸ್ ವೈನ್, ಮೂರು ದಿನದ ಕೆಂಪು

ಆ ರಾತ್ರಿ ನಾನು ಕುಡಿದದ್ದು ಎರಡೇ ಗ್ಲಾಸ್ ರೆಡ್ ವೈನ್. ಗೆಳತಿಯ ಹುಟ್ಟುಹಬ್ಬ ಇತ್ತು. ಮೊದಲ ಗ್ಲಾಸ್ ಮುಗಿಯುವ ಹೊತ್ತಿಗೇ ಕೆನ್ನೆ ಬಿಸಿಯಾಗತೊಡಗಿತು, ಒಲೆಯ ಮುಂದೆ ಕೂತ ಹಾಗೆ. ಬಾತ್‌ರೂಮಿಗೆ ಹೋಗಿ ಕನ್ನಡಿ ನೋಡಿದೆ. ಮೂಗು, ಎರಡೂ ಕೆನ್ನೆ, ಗಲ್ಲ, ಹಣೆಯ ನಡುಭಾಗ ಎಲ್ಲ ಕೆಂಪು. ಕಣ್ಣಿನ ಸುತ್ತ ಮಾತ್ರ ಮಾಮೂಲಿ ಬಣ್ಣ. ಮೂಗಿನ ಪಕ್ಕದಲ್ಲಿ ಕೆಂಪು ದಾರದ ಎಳೆಯಂಥ ಸಣ್ಣ ನಾಳಗಳು ಕಾಣುತ್ತಿದ್ದವು. ಕೆನ್ನೆಯನ್ನು ಬೆರಳಲ್ಲಿ ಒತ್ತಿದರೆ ಬಿಳುಪಾಗುತ್ತಿತ್ತು, ಬೆರಳು ತೆಗೆದ ಕೂಡಲೇ ಮತ್ತೆ ಕೆಂಪು ತುಂಬಿಕೊಳ್ಳುತ್ತಿತ್ತು.

ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಊತ ಇಳಿಯಿತು, ಕೆಂಪು ಮಾತ್ರ ಮೂರು ದಿನ ಹೋಗಲಿಲ್ಲ. ಅಲರ್ಜಿ ಇರಬೇಕು ಅಂದುಕೊಂಡು ಮನೆಯಲ್ಲಿದ್ದ ಒಂದು ಸ್ಟೀರಾಯ್ಡ್ ಕ್ರೀಮ್ ಹಚ್ಚಿದೆ. ಎರಡೇ ದಿನದಲ್ಲಿ ಮುಖ ತಿಳಿಯಾಯಿತು, ಅದಕ್ಕೇ ಬಿಡದೆ ಹಚ್ಚುತ್ತಾ ಹೋದೆ. ಕೆಲವು ವಾರ ಕಳೆದು ನಿಲ್ಲಿಸಿದ್ದೇ ತಡ, ಮೊದಲಿಗಿಂತ ಜಾಸ್ತಿ ಕೆಂಪು, ಮೇಲೆ ಸಣ್ಣ ಸಣ್ಣ ಗುಳ್ಳೆಗಳು, ನೀರು ತಾಗಿದರೂ ಉರಿ. ಆಗ ಚರ್ಮದ ಡಾಕ್ಟರ ಹತ್ತಿರ ಹೋದೆ.

ಅವರು ಮುಖ ನೋಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬಿಸಿಲು, ಬಿಸಿ ಟೀ, ಖಾರ, ಕೋಪ, ಮದ್ಯ... ಇದರಲ್ಲಿ ಯಾವುದಕ್ಕೆ ಮುಖ ಬಿಸಿಯಾಗುತ್ತದಮ್ಮ?" ಎಲ್ಲದಕ್ಕೂ ಅಂದೆ. ಇದು ಅಲರ್ಜಿ ಅಲ್ಲ, ರೊಸೇಷಿಯಾ, ಅಂದರೆ ಮುಖ ಪದೇ ಪದೇ ಕೆಂಪಾಗಿ ಉರಿಯುವ, ಬಹುಕಾಲ ಉಳಿಯುವ ಚರ್ಮದ ಕಾಯಿಲೆ ಎಂದರು. ಸ್ಟೀರಾಯ್ಡ್ ನಾಳಗಳನ್ನು ಸ್ವಲ್ಪ ಹೊತ್ತು ಬಿಗಿ ಹಿಡಿಯುತ್ತದೆ, ಹಾಗಾಗಿ ವಾಸಿಯಾದಂತೆ ಕಾಣುತ್ತದೆ. ಮುಖಕ್ಕೆ ದಿನಗಟ್ಟಲೆ ಹಚ್ಚಿ ಆಮೇಲೆ ನಿಲ್ಲಿಸಿದರೆ ಅದೇ ತಿರುಗಿ ಹೊಡೆಯುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಮದ್ಯ ಮುಖದಲ್ಲಿ ಏನು ಮಾಡುತ್ತದೆ ಅನ್ನುವುದನ್ನು ಅವರು ಒಂದು ಹಾಳೆಯ ಮೇಲೆ ಗೀಚಿ ತೋರಿಸಿದರು. ಆಲ್ಕೋಹಾಲ್ ಮುಖದ ಚರ್ಮದಡಿಯ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದು ಎಲ್ಲರಿಗೂ ಆಗುವುದೇ. ಆಮೇಲೆ ಲಿವರ್ ಅದನ್ನು ಒಡೆಯುವಾಗ ಮಧ್ಯದಲ್ಲಿ ಅಸೆಟಾಲ್ಡಿಹೈಡ್ ಅನ್ನುವ ವಸ್ತು ಹುಟ್ಟುತ್ತದೆ. ಅದು ದೇಹದಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕವನ್ನು ಬಿಡುಗಡೆ ಮಾಡಿಸಿ ನಾಳಗಳನ್ನು ಇನ್ನಷ್ಟು ಹಿಗ್ಗಿಸುತ್ತದೆ. ಈ ಅಸೆಟಾಲ್ಡಿಹೈಡನ್ನು ಬೇಗ ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ, ಅವರು ಒಂದೆರಡು ಗುಟುಕಿಗೇ ಕೆಂಪಾಗುತ್ತಾರೆ. ರೊಸೇಷಿಯಾ ಇರುವವರ ಕಥೆ ಬೇರೆ. ನಮ್ಮ ನಾಳಗಳು, ಅವುಗಳ ಸುತ್ತಲಿನ ನರಗಳು ಮೊದಲೇ ಸೂಕ್ಷ್ಮ. ಉಳಿದವರಿಗೆ ಗಂಟೆ ಎರಡು ಗಂಟೆಯಲ್ಲಿ ಇಳಿಯುವ ಕೆಂಪು ನಮ್ಮಲ್ಲಿ ಉರಿಯೂತಕ್ಕೆ ದಾರಿ ಮಾಡುತ್ತದೆ. ಪದೇ ಪದೇ ಹಿಗ್ಗಿದ ನಾಳಗಳು ಕ್ರಮೇಣ ಹಿಗ್ಗಿದಂತೆಯೇ ಉಳಿದುಬಿಡುತ್ತವೆ. ಮೂಗಿನ ಪಕ್ಕ ನಾನು ಕಂಡ ಎಳೆಗಳು ಅವೇ. ಕ್ರೀಮಿಗೆ ಅವು ಸಾಮಾನ್ಯವಾಗಿ ಹೋಗುವುದಿಲ್ಲ, ಲೇಸರ್ ಬೇಕಾಗುತ್ತದೆ. ಕಂದು ಚರ್ಮದವರಿಗೆ ಈ ಕೆಂಪು ಸರಿಯಾಗಿ ಕಾಣದೆ ಇರಬಹುದು, ಅವರು ಬಣ್ಣಕ್ಕಿಂತ ಬಿಸಿ ಮತ್ತು ಉರಿಯನ್ನು ಗಮನಿಸಬೇಕು.

ಬೆಳಗಿನ ಊತಕ್ಕೆ ಕಾರಣ ಬೇರೆ. ಮದ್ಯ ಮೂತ್ರವನ್ನು ತಡೆಯುವ ಹಾರ್ಮೋನನ್ನು ಅದುಮುತ್ತದೆ, ಅದಕ್ಕೇ ಕುಡಿದಾಗ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ನೀರು ಹೋಯಿತಲ್ಲ ಎಂದು ಆಮೇಲೆ ದೇಹ ಇದ್ದ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಜೊತೆಗೆ ಉಪ್ಪಿನ ತಿಂಡಿ ತಿಂದಿರುತ್ತೇವೆ, ಹಿಗ್ಗಿದ ನಾಳಗಳಿಂದ ದ್ರವ ಹೊರಗೆ ಜಿನುಗಿರುತ್ತದೆ, ರಾತ್ರಿಯಿಡೀ ಅಡ್ಡ ಮಲಗಿರುತ್ತೇವೆ. ರೆಪ್ಪೆಯ ಚರ್ಮ ತುಂಬ ತೆಳು, ಸಡಿಲ. ನೀರು ಅಲ್ಲಿ ಸೇರುವುದು ಸುಲಭ. ಎದ್ದು ಓಡಾಡಿದ ಮೇಲೆ ಎರಡೂ ಕಣ್ಣಿನ ಊತ ಇಳಿದರೆ ಅದು ಇದೇ ಬಗೆಯದು. ಒಂದೇ ಕಣ್ಣು ಊದಿ ನೋಯುತ್ತಿದ್ದರೆ, ನೋಟ ಮಂಜಾಗಿದ್ದರೆ ಡಾಕ್ಟರಿಗೆ ತೋರಿಸಬೇಕು. ತುಟಿ ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಅದು ಅಲರ್ಜಿಯ ತುರ್ತು, ಕಾಯಬಾರದು.

ನಾನು ಒಂದು ಪ್ರಯೋಗ ಮಾಡಿದೆ. ನಾಲ್ಕು ವಾರ ಒಂದು ಹನಿಯೂ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಮುಖ ತೊಳೆದು ಇಪ್ಪತ್ತು ನಿಮಿಷ ಬಿಟ್ಟು, ಅದೇ ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ಬ್ಯೂಟಿ ಫಿಲ್ಟರ್ ಆಫ್ ಮಾಡಿ ಒಂದು ಫೋಟೋ ತೆಗೆದೆ. ಬೆಳಕು ಬದಲಾದರೆ ಹೋಲಿಕೆಗೆ ಅರ್ಥವಿಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಮೂರನೇ ವಾರದ ಫೋಟೋದಲ್ಲಿ ಗಲ್ಲ, ಹಣೆ ತಿಳಿಯಾಗಿದ್ದವು. ಡಾಕ್ಟರು ಕೊಟ್ಟ ಜೆಲ್ ಕೂಡ ಹಚ್ಚುತ್ತಿದ್ದೆ, ಹಾಗಾಗಿ ಎಲ್ಲ ಶ್ರೇಯಸ್ಸು ಮದ್ಯ ಬಿಟ್ಟದ್ದಕ್ಕೆ ಕೊಡಲು ಬರುವುದಿಲ್ಲ. ಅದಕ್ಕೇ ಜೆಲ್ ಮುಂದುವರಿಸಿ, ನಾಲ್ಕು ವಾರ ಮುಗಿದ ಮೇಲೆ ಒಂದೇ ಗ್ಲಾಸ್ ವೈಟ್ ವೈನ್ ಕುಡಿದೆ. ತೊಂದರೆ ಇರುವುದು ರೆಡ್ ವೈನಿನಲ್ಲಿ ಮಾತ್ರ ಅಂತ ಎಲ್ಲರೂ ಹೇಳುತ್ತಾರಲ್ವಾ? ಹದಿನೈದು ನಿಮಿಷಕ್ಕೆ ಕೆನ್ನೆ ಬಿಸಿ. ಮರುದಿನದ ಫೋಟೋ ಎರಡನೇ ವಾರದ ಫೋಟೋದಂತಿತ್ತು.

ಇದು ನನ್ನೊಬ್ಬಳ ಅನುಭವ. ಆದರೆ ಅಮೆರಿಕದ ನರ್ಸುಗಳನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ಹೊಸದಾಗಿ ರೊಸೇಷಿಯಾ ಬರುವುದಕ್ಕೆ ಹೆಚ್ಚು ನಂಟು ಕಂಡದ್ದು ವೈಟ್ ವೈನ್ ಮತ್ತು ಗಟ್ಟಿ ಮದ್ಯಗಳಿಗೆ. ಈಗಾಗಲೇ ಇರುವವರನ್ನು ಕೆರಳಿಸುವುದರಲ್ಲಿ ರೆಡ್ ವೈನಿನ ಹೆಸರು ಜಾಸ್ತಿ ಕೇಳಿಬರುತ್ತದೆ. ಎರಡೂ ಬೇರೆ ಬೇರೆ ಪ್ರಶ್ನೆಗಳು.

ನಮ್ಮಣ್ಣನಿಗೆ ಸೋರಿಯಾಸಿಸ್ ಅನ್ನುವ ಇನ್ನೊಂದು ಚರ್ಮದ ಕಾಯಿಲೆ. ಅವನ ಮೊಣಕೈಯ ಕಲೆಗಳು ಕುಡಿದ ರಾತ್ರಿಯೇ ಕೆಂಪಾಗುವುದಿಲ್ಲ. ಜಾಸ್ತಿ ಕುಡಿದ ವಾರಗಳ ನಂತರ ದಪ್ಪಗಾಗಿ ಪುಡಿ ಉದುರುತ್ತವೆ, ಹಾಗಾಗಿ ಅವನಿಗೆ ಸಂಬಂಧ ಗೊತ್ತಾಗಲು ವರ್ಷಗಳೇ ಬೇಕಾದವು. ಅಲ್ಲಿ ಆಗುವುದು ನಾಳ ಹಿಗ್ಗುವುದಷ್ಟೇ ಅಲ್ಲ. ಮದ್ಯ ಉರಿಯೂತದ ಸಂಕೇತಗಳನ್ನು ಹೆಚ್ಚಿಸುತ್ತದೆ, ಮೊದಲೇ ಅವಸರದಲ್ಲಿ ಬೆಳೆಯುತ್ತಿರುವ ಚರ್ಮದ ಜೀವಕೋಶಗಳು ಇನ್ನೂ ಅವಸರ ಮಾಡುತ್ತವೆ. ಅವನಿಗೆ ನಿಜವಾದ ಅಪಾಯ ಇದ್ದದ್ದು ಮಾತ್ರೆಯಲ್ಲಿ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೋಟ್ರೆಕ್ಸೇಟ್ ಲಿವರಿಗೆ ಹೊರೆ, ಮದ್ಯವೂ ಹೊರೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಏರಿದ್ದು ಕಂಡ ಮೇಲೆಯೇ ಅವನು ಡಾಕ್ಟರ ಹತ್ತಿರ ಎಷ್ಟು ಕುಡಿಯುತ್ತೇನೆಂದು ನಿಜ ಹೇಳಿದ್ದು.

ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮ ಅತ್ತೆಯೊಬ್ಬರ ಮೂಗು ಯಾವಾಗಲೂ ಕೆಂಪು, ಸ್ವಲ್ಪ ದಪ್ಪ. ಬೆನ್ನ ಹಿಂದೆ ಎಲ್ಲರೂ "ಗುಟ್ಟಾಗಿ ಕುಡೀತಾರೆ" ಅನ್ನುತ್ತಿದ್ದರು. ಅವರು ಜೀವನದಲ್ಲಿ ಒಂದು ಹನಿ ಕುಡಿದವರಲ್ಲ. ಮದ್ಯ ಮುಟ್ಟದವರಿಗೂ ರೊಸೇಷಿಯಾ ಬರುತ್ತದೆ, ಮೂಗು ದಪ್ಪವಾಗುತ್ತದೆ, ಒಂದೇ ಮನೆತನದಲ್ಲಿ ಹಲವರಿಗೆ ಕಾಣಿಸುವುದೂ ಉಂಟು. ನನ್ನ ಫೋಟೋಗಳನ್ನು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ತಮ್ಮ ಕೆನ್ನೆ ಮುಟ್ಟಿಕೊಂಡು, "ನಂಗೂ ಹಿಂಗೇ ಉರಿಯುತ್ತೆ ಕಣೇ, ಮೂವತ್ತು ವರ್ಷದಿಂದ" ಅಂದರು. ಮುಂದಿನ ವಾರ ಇಬ್ಬರೂ ಒಟ್ಟಿಗೇ ಡಾಕ್ಟರ ಹತ್ತಿರ ಹೋದೆವು.