ಕೊನೆಯ ಸುತ್ತಿನವರಿಗೆ ‘ಇಲ್ಲ’ ಎಂದು ಬರೆಯುವ ಮೇಲ್

ಕೊನೆಯ ಸುತ್ತಿಗೆ ಉಳಿಯುವವರು ಸಾಮಾನ್ಯವಾಗಿ ಇಬ್ಬರೋ ಮೂವರೋ. ಅಷ್ಟು ಹೊತ್ತಿಗೆ ಅವರು ಮೂರ್ನಾಲ್ಕು ಇಂಟರ್ವ್ಯೂ ಕೊಟ್ಟಿರುತ್ತಾರೆ, ರಜೆ ಹಾಕಿ ಮಾದರಿ ಕೆಲಸ ಮಾಡಿ ಕಳಿಸಿರುತ್ತಾರೆ, ಸಂಬಳದ ಮಾತೂ ಆಗಿರುತ್ತದೆ. ಒಬ್ಬರಿಗೆ ಕೆಲಸ ಸಿಗುತ್ತದೆ, ಉಳಿದವರಿಗೆ ಒಂದು ಮೇಲ್ ಹೋಗುತ್ತದೆ. ಹೊರದೇಶದ ಆಫೀಸುಗಳಲ್ಲಿ ತಂಡದ ಹೊಣೆ ಹೊತ್ತ ನಮ್ಮವರಿಗೆ ಅದನ್ನು ಬರೆಯುವ ಸರದಿ ಬಂದೇ ಬರುತ್ತದೆ. ಎಚ್‌ಆರ್‌ನವರ ಬಳಿ ಸಿದ್ಧ ನಮೂನೆ ಇರುತ್ತದೆ ನಿಜ. ಆದರೆ ಅದು ಅರ್ಜಿಯ ಹಂತದಲ್ಲೇ ಕೈಬಿಟ್ಟವರಿಗೆಂದು ಮಾಡಿದ್ದು. ಎದುರು ಕೂತು ಗಂಟೆಗಟ್ಟಲೆ ಮಾತಾಡಿದವರಿಗೆ ಅದನ್ನೇ ಕಳಿಸಿದರೆ ‘ಇವರಿಗೆ ನನ್ನ ಮುಖವೂ ನೆನಪಿಲ್ಲ’ ಅನ್ನಿಸುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು ಯಾವಾಗ ಕಳಿಸಬೇಕು ಎಂಬುದನ್ನು. ಮೊದಲ ಆಯ್ಕೆಯವರು ಬಾಯಿಮಾತಿನಲ್ಲಿ ‘ಹೂಂ’ ಅಂದ ಕೂಡಲೇ ಕಳಿಸಿಬಿಟ್ಟರೆ ತೊಂದರೆಯಿದೆ. ಅವರ ಈಗಿನ ಕಂಪನಿ ಸಂಬಳ ಏರಿಸಿ ಉಳಿಸಿಕೊಂಡರೆ, ನೀವು ಎರಡನೆಯವರ ಬಾಗಿಲನ್ನೇ ಮತ್ತೆ ತಟ್ಟಬೇಕು. ಹಾಗೆಂದು ಒಪ್ಪಂದಕ್ಕೆ ಸಹಿ ಬೀಳುವವರೆಗೆ ಮೂರು ವಾರ ಬಾಯಿ ಮುಚ್ಚಿಕೊಂಡು ಕೂತರೆ, ಆ ಮೌನದಿಂದಲೇ ಎಲ್ಲ ಅರ್ಥ ಮಾಡಿಕೊಂಡು ಬೇರೆ ಕಡೆ ಸೇರಿರುತ್ತಾರೆ. ಇದಕ್ಕೆ ಇರುವ ದಾರಿ ನಡುವೆ ಎರಡು ಸಾಲಿನ ಮೇಲ್: ‘ನಿರ್ಧಾರ ಇನ್ನೂ ಅಂತಿಮವಾಗಿಲ್ಲ. ಮುಂದಿನ ಗುರುವಾರದೊಳಗೆ ಖಚಿತ ಉತ್ತರ ಕೊಡುತ್ತೇವೆ. ಅದಕ್ಕೆ ಮೊದಲು ನಿಮಗೆ ಬೇರೆ ಆಫರ್ ಬಂದರೆ ದಯವಿಟ್ಟು ತಿಳಿಸಿ.’ ಇದರಲ್ಲಿ ಸುಳ್ಳಿಲ್ಲ, ಎರಡನೆಯ ಸ್ಥಾನ ಎಂಬ ಸುಳಿವೂ ಇಲ್ಲ. ಗುರುವಾರ ಬಂದಾಗ ಉತ್ತರ ಸಿದ್ಧವಿಲ್ಲದಿದ್ದರೆ ಅದನ್ನೂ ಗುರುವಾರವೇ ಹೇಳಬೇಕು. ಸಹಿಯಾದ ಮೇಲೆ ಒಂದು ಕೆಲಸದ ದಿನದೊಳಗೆ ನಿರಾಕರಣೆ ಹೋಗಲಿ. ಹೊಸಬರ ಹೆಸರು ಬೇರೆಯವರ ಬಾಯಿಂದ ಮೊದಲು ಕಿವಿಗೆ ಬೀಳಬಾರದು.

ಈಗ ಒಂದು ಉದಾಹರಣೆ. ಪೇರೋಲ್ ತಂಡದ ಮುಖ್ಯಸ್ಥರ ಹುದ್ದೆ. ಎರಡನೆಯವರು ಒಂದೇ ದೇಶದ ಪೇರೋಲ್ ಅನ್ನು 6 ವರ್ಷ ನಡೆಸಿದವರು. ಮಾದರಿ ಕೆಲಸಕ್ಕೆ ಕೊಟ್ಟ ಹಾಳೆಯಲ್ಲಿ ಓವರ್‌ಟೈಮ್ ಎರಡು ಸಲ ಲೆಕ್ಕಕ್ಕೆ ಬಿದ್ದದ್ದನ್ನು ಹಿಡಿದವರು ಅವರೊಬ್ಬರೇ. ಆದರೆ ಹುದ್ದೆಯ ಮೊದಲ ಆರು ತಿಂಗಳ ಕೆಲಸ ಎರಡು ಹೊಸ ದೇಶಗಳ ಪೇರೋಲ್ ಶುರು ಮಾಡುವುದು. ಮೊದಲ ಆಯ್ಕೆಯವರು ಅದನ್ನು ಹಿಂದೆ ಮಾಡಿದ್ದರು. ಇಂಥವರಿಗೆ ಹೋಗುವ ಕರಡು ಹೆಚ್ಚಾಗಿ ಹೀಗಿರುತ್ತದೆ:

‘ನಮ್ಮ ಸಂಸ್ಥೆಯಲ್ಲಿ ನೀವು ತೋರಿದ ಆಸಕ್ತಿಗೆ ಹೃತ್ಪೂರ್ವಕ ಧನ್ಯವಾದಗಳು. ಎಲ್ಲ ಅಭ್ಯರ್ಥಿಗಳೂ ಅತ್ಯುತ್ತಮರಾಗಿದ್ದರು. ಬಹಳ ಚರ್ಚೆಯ ನಂತರ, ನಮ್ಮ ತಂಡಕ್ಕೆ ಹೆಚ್ಚು ಹೊಂದುವ ಒಬ್ಬರೊಂದಿಗೆ ಮುಂದುವರಿಯಲು ನಿರ್ಧರಿಸಿದ್ದೇವೆ. ನಿಮ್ಮ ವಿವರಗಳನ್ನು ಇಟ್ಟುಕೊಂಡಿರುತ್ತೇವೆ.’

ಇದರಲ್ಲಿ ಕೆಟ್ಟ ಮಾತೇನೂ ಇಲ್ಲ, ಆದರೂ ಓದಿದವರಿಗೆ ಸಿಟ್ಟು ಬರುತ್ತದೆ. ‘ಇಲ್ಲ’ ಎಂಬುದು ಮೂರನೆಯ ವಾಕ್ಯದವರೆಗೆ ಅಡಗಿದೆ, ಅಲ್ಲೂ ಸುತ್ತುಬಳಸಿ ಬಂದಿದೆ. ‘ತಂಡಕ್ಕೆ ಹೊಂದುವ’ ಎಂಬುದು ಎಲ್ಲಕ್ಕಿಂತ ಅಪಾಯದ ಮಾತು. ವಯಸ್ಸೋ, ಮಾತಿನ ಧಾಟಿಯೋ, ಹುಟ್ಟಿದ ದೇಶವೋ ಕಾರಣ ಎಂದು ಅವರು ಊಹಿಸಿಕೊಳ್ಳಬಹುದು. ‘ಈ ಹುದ್ದೆಗೆ ನಿಮ್ಮ ಅನುಭವ ಹೆಚ್ಚಾಯಿತು’ ಎಂಬುದೂ ಇದೇ ಜಾತಿಯದು, ಎಷ್ಟೋ ಕಡೆ ಅದನ್ನು ‘ವಯಸ್ಸಾಯಿತು’ ಎಂದೇ ಓದುತ್ತಾರೆ. ತಿದ್ದಿದ್ದು ಹೀಗೆ:

‘ನಮಸ್ಕಾರ. ಪೇರೋಲ್ ಮುಖ್ಯಸ್ಥರ ಹುದ್ದೆಗೆ ನಾವು ಬೇರೊಬ್ಬರನ್ನು ಆಯ್ಕೆ ಮಾಡಿದ್ದೇವೆ. ಕೊನೆಯ ಸುತ್ತಿನವರೆಗೆ ಬಂದ ನಿಮಗೆ ಇದನ್ನು ನಾನೇ ತಿಳಿಸಬೇಕೆನಿಸಿತು.

ಮೊದಲ ಆರು ತಿಂಗಳಲ್ಲಿ ಎರಡು ಹೊಸ ದೇಶಗಳ ಪೇರೋಲ್ ಶುರುವಾಗಬೇಕಿದೆ. ಆ ಕೆಲಸವನ್ನು ಹಿಂದೆ ಮಾಡಿದ ಅನುಭವವೇ ನಿರ್ಧಾರಕ್ಕೆ ಕಾರಣವಾಯಿತು.

ಮಾದರಿ ಹಾಳೆಯಲ್ಲಿ ಓವರ್‌ಟೈಮ್ ಎರಡು ಸಲ ಸೇರಿದ್ದನ್ನು ನೀವು ಹಿಡಿದದ್ದು, ಅದನ್ನು ಎಲ್ಲಿಂದ ಸರಿಪಡಿಸಬೇಕೆಂದು ವಿವರಿಸಿದ್ದು ನಮ್ಮ ತಂಡಕ್ಕೆ ಬಹಳ ಹಿಡಿಸಿತು.

ಮುಂದಿನ ವರ್ಷದ ಮೊದಲ ಮೂರು ತಿಂಗಳಲ್ಲಿ ಇದೇ ತಂಡದಲ್ಲಿ ಆಡಿಟ್ ಹುದ್ದೆಯೊಂದು ಬರಲಿದೆ. ಅದು ತೆರೆದಾಗ ನಿಮಗೆ ಬರೆಯಬಹುದೇ? ಹೌದಾದರೆ ನಿಮ್ಮ ಬಯೋಡೇಟಾವನ್ನು 12 ತಿಂಗಳು ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟು ಇದಕ್ಕೆ ಉತ್ತರಿಸಿ. ಬೇಡವಾದರೆ ಅಳಿಸುತ್ತೇವೆ. ನೀವು ಕೊಟ್ಟ ಸಮಯಕ್ಕೆ ಧನ್ಯವಾದ.’

ನಿರ್ಧಾರ ಮೊದಲ ಸಾಲಿನಲ್ಲೇ ಬಂತು. ‘ದುರದೃಷ್ಟವಶಾತ್’ ಎಂಬ ಪದ ಬೇಕೇ ಆಗಲಿಲ್ಲ. ಕಾರಣ ಒಂದೇ ಒಂದು, ಅದೂ ಹುದ್ದೆಯ ಜಾಹೀರಾತಿನಲ್ಲಿದ್ದ ಶರತ್ತು. ಹೊಸಬರು ನಿಮಗಿಂತ ಹೇಗೆ ಮೇಲು ಎಂಬ ಹೋಲಿಕೆ ಇಲ್ಲ, ಮೂರ್ನಾಲ್ಕು ಕೊರತೆಗಳ ಪಟ್ಟಿಯೂ ಇಲ್ಲ. ಪಟ್ಟಿ ಕೊಟ್ಟರೆ ಅವರು ಒಂದೊಂದಕ್ಕೂ ಉತ್ತರ ಬರೆಯುತ್ತಾರೆ, ಬರೆಯುವುದು ಸಹಜವೂ ಹೌದು. ಮೆಚ್ಚುಗೆಯ ಸಾಲಿಗೆ ನನ್ನದೊಂದು ಪರೀಕ್ಷೆಯಿದೆ: ಅದೇ ವಾಕ್ಯವನ್ನು ಮೂರನೆಯ ಅಭ್ಯರ್ಥಿಗೂ ಕಳಿಸಬಹುದಾದರೆ ಅಳಿಸಿ. ಆಡಿಟ್ ಹುದ್ದೆಯ ಮಾತು ಬರೆಯುವುದು ಅದಕ್ಕೆ ಬಜೆಟ್ ಮಂಜೂರಾಗಿದ್ದರೆ ಮಾತ್ರ. ಇಲ್ಲದಿದ್ದರೆ ಆ ಇಡೀ ಪ್ಯಾರಾ ತೆಗೆದು, ಕೊನೆಯ ಧನ್ಯವಾದವನ್ನಷ್ಟೇ ಇಟ್ಟುಕೊಳ್ಳುವುದು ಹೆಚ್ಚು ಮರ್ಯಾದೆ.

ಊರಿನಲ್ಲಿ ಕೂತು ಯುರೋಪಿನ ಕಂಪನಿಗಳಿಗೆ ಅರ್ಜಿ ಹಾಕುವವರು ‘ಕಾರಣವನ್ನೇ ಹೇಳಲಿಲ್ಲ’ ಎಂದು ಬೇಸರಪಡುವುದುಂಟು. ಅದರ ಹಿಂದೆ ಕಾನೂನಿನ ಅಳುಕೂ ಇರುತ್ತದೆ. ಜರ್ಮನಿಯ 2006ರ ಸಮಾನತಾ ಕಾಯ್ದೆಯ ಪ್ರಕಾರ, ತಾರತಮ್ಯವಾಗಿದೆ ಎನ್ನುವ ಅಭ್ಯರ್ಥಿ ನಿರಾಕರಣೆ ತಲುಪಿದ ಎರಡು ತಿಂಗಳೊಳಗೆ ಲಿಖಿತವಾಗಿ ಪರಿಹಾರ ಕೇಳಬಹುದು. ತಾರತಮ್ಯದ ಸುಳಿವುಗಳನ್ನು ಅವರು ತೋರಿಸಿದರೆ, ಅಂಥದ್ದು ನಡೆದಿಲ್ಲ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದ್ದಾಗುತ್ತದೆ. ಹೀಗಾಗಿ ಅಲ್ಲಿನ ಎಷ್ಟೋ ವಕೀಲರು ಕಾರಣ ಬರೆಯಲೇಬೇಡಿ ಎನ್ನುತ್ತಾರೆ. ಅಲ್ಲಿ ಈ ಮೇಲ್ ಬರೆಯುವವರು ಕಾರಣದ ಪ್ಯಾರಾವನ್ನು ಮೊದಲು ಎಚ್‌ಆರ್‌ಗೆ ತೋರಿಸಬೇಕು, ಅವರು ಬೇಡವೆಂದರೆ ಬಿಡಬೇಕು. ಉಳಿದ ಪ್ಯಾರಾಗಳು ಅದಿಲ್ಲದೆಯೂ ನಿಲ್ಲುತ್ತವೆ. ಬಯೋಡೇಟಾ ಇಟ್ಟುಕೊಳ್ಳಲು ಒಪ್ಪಿಗೆ ಕೇಳಿದ್ದೂ ಬರೀ ಸೌಜನ್ಯಕ್ಕಲ್ಲ. 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ನಿಯಮದಡಿ, ಆಯ್ಕೆ ಮುಗಿದ ಮೇಲೂ ಅರ್ಜಿಯನ್ನು ಸುಮ್ಮನೆ ಇಟ್ಟುಕೊಂಡಿರುವಂತಿಲ್ಲ. ಅದಕ್ಕೊಂದು ಕಾನೂನಿನ ಆಧಾರ ಬೇಕು, ಅವಧಿ ಬೇಕು.

ಕಳಿಸುವಾಗ ಆಗುವ ಎಡವಟ್ಟುಗಳು ಬೇರೆಯೇ. ಬಹಳ ಸಲ ನಡೆಯುವುದು ಇದು: ನೀವು ಚೆನ್ನಾಗಿ ಬರೆದು ಕಳಿಸಿರುತ್ತೀರಿ, ಸಂಜೆ ಯಾರೋ ನೇಮಕಾತಿ ಸಾಫ್ಟ್‌ವೇರಿನಲ್ಲಿ ಅಭ್ಯರ್ಥಿಯ ಸ್ಥಿತಿಯನ್ನು ‘ತಿರಸ್ಕೃತ’ ಎಂದು ಬದಲಿಸುತ್ತಾರೆ, ಅದು ತನ್ನ ಪಾಡಿಗೆ ಸಿದ್ಧ ನಮೂನೆಯನ್ನೂ ಕಳಿಸಿಬಿಡುತ್ತದೆ. ಆ ಒಬ್ಬರ ಮಟ್ಟಿಗೆ ತಾನಾಗಿ ಹೋಗುವ ಮೇಲ್ ಅನ್ನು ಮೊದಲೇ ನಿಲ್ಲಿಸಿರಬೇಕು. ಉತ್ತರಿಸಲಾಗದ ವಿಳಾಸದಿಂದಲೂ ಕಳಿಸಬಾರದು, ಇಂಟರ್ವ್ಯೂ ಮಾಡಿದವರ ವಿಳಾಸದಿಂದಲೇ ಹೋಗಲಿ. ವಿಷಯದ ಸಾಲಿನಲ್ಲಿ ‘ಪೇರೋಲ್ ಮುಖ್ಯಸ್ಥರ ಹುದ್ದೆ: ನಮ್ಮ ನಿರ್ಧಾರ’ ಎಂದಿದ್ದರೆ ಸಾಕು. ‘ಸಿಹಿ ಸುದ್ದಿ’ಯ ಆಸೆ ಹುಟ್ಟಿಸುವ ಉತ್ಸಾಹ ಅಲ್ಲಿ ಬೇಡ. ಶುಕ್ರವಾರ ಸಂಜೆ ಕಳಿಸಿ ಲ್ಯಾಪ್‌ಟಾಪ್ ಮುಚ್ಚುವುದೂ ಬೇಡ, ಏನಾದರೂ ಕೇಳಬೇಕೆಂದವರು ಸೋಮವಾರದವರೆಗೆ ಕಾಯಬೇಕಾಗುತ್ತದೆ. ಫೋನ್ ಮಾಡಿ ಹೇಳಬಹುದು, ಆದರೆ ಅದೇ ದಿನ ಮೇಲ್ ಕೂಡ ಹೋಗಬೇಕು. ಆ ಗಳಿಗೆಯಲ್ಲಿ ಕೇಳಿದ್ದು ಪೂರ್ತಿ ತಲೆಯಲ್ಲಿ ಉಳಿಯುವುದಿಲ್ಲ.

ಕೆಲವರು ‘ಇನ್ನೂ ಏನು ಸುಧಾರಿಸಬೇಕಿತ್ತು?’ ಎಂದು ಬರೆಯುತ್ತಾರೆ. ಎರಡು ಕೆಲಸದ ದಿನಗಳಲ್ಲಿ ಉತ್ತರಿಸಿ, ಮೇಲ್‌ನಲ್ಲಿ ಹೇಳಿದ ಕಾರಣವನ್ನೇ ಬಿಡಿಸಿ ಹೇಳಿ. ಹೊಸ ಕಾರಣ ಸೇರಿಸಿದರೆ ಮೊದಲನೆಯದು ನೆಪ ಅನ್ನಿಸುತ್ತದೆ. ಆಡಿಟ್ ಹುದ್ದೆಯ ಬಗ್ಗೆ ಬರೆದಿದ್ದರೆ ಅದನ್ನು ಅಂದೇ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಬಜೆಟ್ ಕಡಿತವಾಗಿ ಆ ಹುದ್ದೆ ರದ್ದಾದರೆ, ‘ಆ ಹುದ್ದೆ ಈ ವರ್ಷ ಬರುತ್ತಿಲ್ಲ’ ಎಂದು ಒಂದು ಸಾಲು ಬರೆಯುವುದೂ ನಿಮ್ಮದೇ ಕೆಲಸ.