ಸೆಕ್ಷನ್‌ನಲ್ಲಿ 2.84 ಇದ್ದ ಗೋಡೆ

ಜನವರಿ ತಿಂಗಳು. ಹೊಸ ತೊಗರಿ ಬರುವ ಹೊತ್ತು, ಕಲಬುರಗಿಯ ದಾಲ್ ಮಿಲ್‌ಗಳು ಹಗಲು ರಾತ್ರಿ ನಡೆಯುತ್ತವೆ. ಕಪನೂರಿನ ನಮ್ಮ ವರ್ಕ್‌ಶಾಪಿಗೆ ಒಂದು ಮಿಲ್ಲಿನಿಂದ ನಾಲ್ಕು ಬೇರಿಂಗ್ ಹೌಸಿಂಗ್ ಆರ್ಡರ್ ಬಂದಿತ್ತು. ಹಳೆಯ ಡ್ರಾಯಿಂಗೇ ಸಾಕು, ಬೆಲ್ಟ್ ಗಾರ್ಡ್ ಕಟ್ಟಲು ಮುಂದಿನ ಮುಖಕ್ಕೆ ಒಂದು ಎಂ12 ಹೋಲ್ ಸೇರಿಸಿ ಕೊಡು ಅಂದರು ನಮ್ಮ ಯಜಮಾನರು. ಸಂಜೆಯೊಳಗೆ ಬೇಕು ಅಂದರು. ನಮ್ಮಲ್ಲಿ ಯಾವಾಗಲೂ ಹೀಗೇ. ಡ್ರಾಯಿಂಗ್ ಮಾಡಿದವನೇ ಚೆಕ್ ಮಾಡಬೇಕು, ಇನ್ನೊಬ್ಬರು ನೋಡುವ ಪದ್ಧತಿಯೇ ಇಲ್ಲ. ಎರಡು ಕಣ್ಣು ಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ.

ಹೌಸಿಂಗ್ 60 ಎಂಎಂ ದಪ್ಪ. ಮುಂದಿನ ಕಡೆ ಗಾರ್ಡ್ ಇರುವುದರಿಂದ ಗ್ರೀಸ್ ನಿಪ್ಪಲ್ ಹಿಂದಿನ ಮುಖದಲ್ಲಿದೆ. ಅಲ್ಲಿಂದ 8 ಎಂಎಂ ಹೋಲ್ ಅಡ್ಡಲಾಗಿ 45 ಎಂಎಂ ಒಳಗೆ ಹೋಗಿ, ಆಮೇಲೆ ಕೆಳಗೆ ಇಳಿದು ಬೇರಿಂಗ್ ಸೇರುತ್ತದೆ. ಹೊಸ ಎಂ12 ಹೋಲ್ ಮುಂದಿನಿಂದ 30 ಎಂಎಂ ಒಳಗೆ, ಅದರಲ್ಲಿ 24 ಎಂಎಂ ಥ್ರೆಡ್. ಅಂದರೆ ಎರಡು ಹೋಲ್‌ಗಳು ಎದುರುಬದುರು ಬಂದು, ನಡುವೆ 15 ಎಂಎಂ ದೂರ ಒಂದರ ಪಕ್ಕ ಒಂದು ಹಾಯುತ್ತವೆ. ಗಾರ್ಡ್ ಹಳೆಯದು, ಅದರ ತೂತು ಎಲ್ಲಿದೆಯೋ ಅಲ್ಲೇ ನಮ್ಮ ಹೋಲ್ ಬರಬೇಕು. ಸೈಟಿನಲ್ಲಿ ಅಳೆದಾಗ ಅದು ಗ್ರೀಸ್ ಹೋಲಿಗಿಂತ 10 ಎಂಎಂ ಮೇಲೆ, 4 ಎಂಎಂ ಪಕ್ಕಕ್ಕೆ ಬಂತು.

ಹತ್ತಿರ ಆಯಿತಲ್ಲ ಅನ್ನಿಸಿತು. ಅದಕ್ಕೇ ಸೆಕ್ಷನ್ ಹಾಕಿ, ಅಂದರೆ ಕಂಪ್ಯೂಟರಿನ ಮಾಡೆಲನ್ನು ಒಂದು ಗೆರೆಯ ಮೇಲೆ ಕೊಯ್ದು, ಒಳಗೆ ನೋಡಿದೆ. ಹಳೆಯ ಡ್ರಾಯಿಂಗಿನ ಎ-ಎ ಗೆರೆ ಹೌಸಿಂಗಿನ ನಡುಮಧ್ಯೆ, ಗ್ರೀಸ್ ಹೋಲಿನ ಮೇಲೇ ಹೋಗುತ್ತಿತ್ತು. ಎರಡೂ ಹೋಲ್ ಕಂಡವು, ನಡುವೆ ಲೋಹ ಇದೆ ಅಂತ ತೋರಿಸುವ ಹ್ಯಾಚಿಂಗ್ ಗೆರೆಗಳಿದ್ದವು. ಡೈಮೆನ್ಷನ್ ಹಾಕಿದೆ, 2.84 ಬಂತು. ಎರಕದ ಕಬ್ಬಿಣ, ಒಳಗೆ ಬರೀ ಗ್ರೀಸ್, ಸಾಕು ಅಂದುಕೊಂಡು ಪ್ರಿಂಟ್ ಕೊಟ್ಟೆ.

ಎರಡು ಹೌಸಿಂಗ್ ತಯಾರಾದವು. ಮೊದಲನೆಯದನ್ನು ರಾತ್ರಿ ಒಂಬತ್ತಕ್ಕೆ ಮಿಲ್ಲಿನಲ್ಲಿ ಕೂರಿಸಿದೆವು. ನಮ್ಮ ಹಿರಿಯ ಫಿಟ್ಟರ್ ಕಾಕಾ ಗ್ರೀಸ್ ಗನ್ ಹಿಡಿದು ಹೊಡೆಯತೊಡಗಿದರು. ಇಪ್ಪತ್ತು ಸಲ ಹೊಡೆದರೂ ಶಾಫ್ಟಿನ ಸೀಲ್ ಹತ್ತಿರ ಗ್ರೀಸ್ ಕಾಣಲಿಲ್ಲ. ನಿಪ್ಪಲ್ ಕಟ್ಟಿರಬೇಕು ಅಂತ ಬದಲಾಯಿಸಿದೆವು. ಮತ್ತೆ ಹೊಡೆದರು. ಆಗ ಕಾಕಾ ಟಾರ್ಚ್ ಹಿಡಿದು ಮುಂದಿನ ಕಡೆ ಬಗ್ಗಿ ನೋಡಿದರು.

"ತಮ್ಮಾ, ಇದು ಬೋಲ್ಟಿನ ಸಂದ್ಯಾಗಿಂದ ಬರ್ಲಾಕತ್ತದ ನೋಡು."

ಗಾರ್ಡ್ ಬೋಲ್ಟಿನ ವಾಷರ್ ಕೆಳಗಿಂದ ಗ್ರೀಸ್ ದಾರದ ಹಾಗೆ ಹೊರಗೆ ಬರುತ್ತಿತ್ತು. ನಾನು ಒಪ್ಪಲಿಲ್ಲ. ಅಸೆಂಬ್ಲಿ ಮಾಡುವಾಗ ಕೈಗೆ ಹತ್ತಿದ ಗ್ರೀಸ್ ಅದು ಅಂದೆ. ಒರೆಸಿ ಮತ್ತೆ ಹೊಡೆಯಿರಿ ಅಂದೆ. ಮತ್ತೆ ಬಂತು. ಆಗಲೂ ನಾನು ಬೋಲ್ಟ್ ಬಿಚ್ಚಿಸಲಿಲ್ಲ. ಬೇರಿಂಗ್ ಕಡೆ ಇಳಿಯುವ ಹೋಲಿನಲ್ಲಿ ಚಿಪ್ ಸಿಕ್ಕಿರಬೇಕು, ಅದಕ್ಕೇ ಗ್ರೀಸ್ ವಾಪಸ್ ಬರುತ್ತಿದೆ ಅಂತ ವಾದ ಮಾಡಿದೆ. ನಡುವೆ 2.84 ಎಂಎಂ ಗೋಡೆ ಇದೆ, ಇಲ್ಲಿಗೆ ಬರಲು ದಾರಿಯೇ ಇಲ್ಲ ಅಂತ ಮೊಬೈಲಿನಲ್ಲಿ ಡ್ರಾಯಿಂಗ್ ತೆಗೆದು ಕಾಕಾಗೆ ತೋರಿಸಿದೆ. ಮಿಲ್ಲಿನ ಸಾವ್ಕಾರ್ರು ಪಕ್ಕದಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಕೂಲಿಯವರು ಚೀಲಗಳ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ನಲವತ್ತು ನಿಮಿಷ ಹೀಗೇ ಹೋಯಿತು. ಆ ನಲವತ್ತು ನಿಮಿಷ ನನಗೆ ಇವತ್ತಿಗೂ ಚುಚ್ಚುತ್ತದೆ.

ಕೊನೆಗೆ ಕಾಕಾ ತಾವೇ ಸ್ಪ್ಯಾನರ್ ಹಾಕಿ ಬೋಲ್ಟ್ ಬಿಚ್ಚಿದರು. ತುದಿಯ ಥ್ರೆಡ್ ತುಂಬ ಗ್ರೀಸ್. ಹೋಲ್ ಒರೆಸಿ ಟಾರ್ಚ್ ಬಿಟ್ಟೆವು. ಒಳಗೆ, ಕೆಳಗಿನ ಬದಿಯಲ್ಲಿ, ಥ್ರೆಡ್‌ಗಳ ನಡುವೆ ಉಗುರಿನ ಆಕಾರದ ಸಣ್ಣ ಬಾಯಿ ತೆರೆದಿತ್ತು. ಅಂಚು ಹೊಸದಾಗಿ ಒಡೆದ ಎರಕದ ಬೂದು ಬಣ್ಣ.

"ಕಂಪ್ಯೂಟರ್‌ನ್ಯಾಗ ಗ್ವಾಡಿ ಅದ ಅಂತಿ. ಇಲ್ಲಿ ಇಲ್ಲಲ್ಲೋ ತಮ್ಮಾ."

ಅದೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಸಾಫ್ಟ್‌ವೇರ್ ಸುಳ್ಳು ಹೇಳಿರಲಿಲ್ಲ. ಆ ಪ್ಲೇನಿನ ಮೇಲೆ ಗೋಡೆ ನಿಜವಾಗಿಯೂ 2.84. ಆದರೆ ಆ ಪ್ಲೇನ್ ಗ್ರೀಸ್ ಹೋಲಿನ ನಡುವೆ ಹೋಗುತ್ತಿತ್ತು, ಬೋಲ್ಟ್ ಹೋಲಿನ ನಡುವೆ ಅಲ್ಲ. ಬೋಲ್ಟ್ ಹೋಲನ್ನು ಅದು ನಡುವಿನಿಂದ 4 ಎಂಎಂ ಪಕ್ಕದಲ್ಲಿ ಕೊಯ್ದಿತ್ತು. ಕಬ್ಬನ್ನು ಉದ್ದಕ್ಕೆ ಸೀಳಿ ನೋಡಿ. ಸರಿಯಾಗಿ ನಡುವೆ ಸೀಳಿದರೆ ಪೂರ್ತಿ ಅಗಲ ಕಾಣುತ್ತದೆ. ಅಂಚಿನ ಕಡೆ ಸೀಳಿದರೆ ಸಣ್ಣ ಪಟ್ಟಿ ಮಾತ್ರ. ಹಾಗೆಯೇ ಎಂ12 ಥ್ರೆಡ್‌ಗೆ ಮೊದಲು ಹಾಕುವ 10.2 ಎಂಎಂ ಡ್ರಿಲ್ಲಿನ ಹೋಲ್ ನನ್ನ ಸೆಕ್ಷನ್‌ನಲ್ಲಿ ಬರೀ 6.3 ಅಗಲ ಕಾಣುತ್ತಿತ್ತು. ಹೋಲ್ ಸಣ್ಣದಾದಷ್ಟೂ ಗೋಡೆ ದಪ್ಪ ಕಾಣುತ್ತದೆ. ಆ 6.3ರ ಮೇಲೆ ಒಂದು ಡೈಮೆನ್ಷನ್ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಅಲ್ವಾ? ನಾನು ಗೋಡೆಯನ್ನು ಮಾತ್ರ ಅಳೆದೆ.

ಎರಡೂ ಹೋಲಿನ ಸೆಂಟರ್ ಸೇರಿಸಿ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಓರೆಯಾಗಿ ಪ್ಲೇನ್ ಮಾಡಿ, ಅಲ್ಲಿ ಕೊಯ್ದೆ. ಈಗ ಎರಡೂ ಹೋಲ್ ಪೂರ್ತಿ ಅಗಲ ಕಂಡವು. ಸೆಂಟರಿನಿಂದ ಸೆಂಟರಿಗೆ 10.77. ಅದರಲ್ಲಿ ಎರಡೂ ಹೋಲಿನ ಅರ್ಧ ಅಗಲ, 5.1 ಮತ್ತು 4, ಕಳೆದರೆ ಗೋಡೆ 1.67.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮಾಡೆಲ್‌ನಲ್ಲಿ ಥ್ರೆಡ್ ಅನ್ನುವುದು ತೋರಿಕೆಯ ಗೆರೆ. ಲೋಹವನ್ನು ಅದು ಕಡಿಯುವುದಿಲ್ಲ, ಡ್ರಿಲ್ ಸೈಜಿನ ಹೋಲ್ ಮಾತ್ರ ಕಡಿದಿರುತ್ತದೆ. ಟ್ಯಾಪ್ ಹೊಡೆದ ಮೇಲೆ ಎಂ12ರ ಥ್ರೆಡ್ 12 ಎಂಎಂ ತನಕ ಲೋಹ ತಿನ್ನುತ್ತದೆ. 5.1ರ ಜಾಗದಲ್ಲಿ 6 ಕಳೆಯಬೇಕು. ಉಳಿದದ್ದು 0.77. ಇನ್ನು 45 ಎಂಎಂ ಆಳದ 8 ಎಂಎಂ ಡ್ರಿಲ್ ಎರಕದಲ್ಲಿ ಸ್ವಲ್ಪ ಸರಿಯದೇ ಇರುತ್ತದೆಯೇ? ಟ್ಯಾಪ್ ಹೊಡೆಯುವಾಗಲೇ ಗೋಡೆ ಒಡೆದಿತ್ತು. ಟ್ಯಾಪ್ ಹೊಡೆದ ಹುಡುಗನಿಗೆ ಒಳಗೆ ಕಾಣುವಂತಿರಲಿಲ್ಲ, ಅವನದೇನೂ ತಪ್ಪಿಲ್ಲ.

ಆ ರಾತ್ರಿ ಮಿಲ್ ನಡೆಸಿದ್ದು ಕಾಕಾ. ಬೋಲ್ಟ್ ಹೋಲಿನ ತಳಕ್ಕೆ 10 ಎಂಎಂ ಉದ್ದದ, ತಲೆಯಿಲ್ಲದ ಎಂ12 ಗ್ರಬ್ ಸ್ಕ್ರೂ ಸೀಲಂಟ್ ಹಚ್ಚಿ ಬಿಗಿದರು, ಒಡೆದ ಬಾಯಿ ಅದರ ಹಿಂದೆ ಮುಚ್ಚಿಹೋಯಿತು. ಮುಂದಿನ 14 ಎಂಎಂ ಥ್ರೆಡ್ ಗಾರ್ಡ್ ಹಿಡಿಯಲು ಸಾಕು, ಬೋಲ್ಟ್ ಮಾತ್ರ ಗಿಡ್ಡದು ಹಾಕಿದೆವು. ಸೀಲಂಟ್ ಒಣಗುವ ತನಕ ಕಾದು ಗನ್ ಹೊಡೆದಾಗ ಸೀಲ್ ಹತ್ತಿರ ಗ್ರೀಸ್ ಬಂತು. ಸಾವ್ಕಾರ್ರು ಆಗ ಮಾತ್ರ "ಚಹಾ ತರಸ್ರಿ" ಅಂದರು. ಎರಡನೇ ಹೌಸಿಂಗಿಗೂ ಹಾಗೇ ಮಾಡಿದೆವು.

ಉಳಿದ ಎರಡಕ್ಕೆ ಗ್ರೀಸ್ ಹೋಲನ್ನು ಇನ್ನೊಂದು ಬದಿಗೆ 8 ಎಂಎಂ ಸರಿಸಿದೆ. ಬೋರಿನ ಸುತ್ತ ಗ್ರೂವ್ ಇರುವುದರಿಂದ ಗ್ರೀಸ್ ಎಲ್ಲಿ ಇಳಿದರೂ ಬೇರಿಂಗಿಗೆ ಸೇರುತ್ತದೆ. ಸೆಂಟರ್ ದೂರ 15.6 ಆಯಿತು, ಥ್ರೆಡ್ ಲೆಕ್ಕ ಹಿಡಿದೂ ಗೋಡೆ 5.6. ಡ್ರಾಯಿಂಗಿನಲ್ಲಿ ಎ-ಎ ಪಕ್ಕ ಓರೆಯಾಗಿ ಬಿ-ಬಿ ಹಾಕಿದೆ. ಬೋಲ್ಟ್ ಹೋಲಿನ ಜಾಗದಲ್ಲಿ 12 ಎಂಎಂ ಕಡ್ಡಿಯೊಂದನ್ನು ಮಾಡೆಲ್ ಮಾಡಿ ಕೂರಿಸಿಯೇ ಗೋಡೆಗೆ ಡೈಮೆನ್ಷನ್ ಕೊಟ್ಟೆ.

ಪ್ರಿಂಟ್ ಕಾಕಾ ಕೈಗೆ ಕೊಟ್ಟಾಗ ಅವರು ಬಿ-ಬಿ ಗೆರೆಯ ಮೇಲೆ ಬೆರಳಿಟ್ಟು, ಎರಡೂ ಹೋಲಿನ ನಡುವೆ ಹೋಗುತ್ತದೆಯೇ ಅಂತ ಮೊದಲು ನೋಡಿದರು. ಆಮೇಲೆ ಪಂಚ್ ಹೊಡೆಯಲು ಹೋದರು.